ಓಟದ ಡೈರಿ, 22ನೇ ವಾರ: ಹದಿಮೂರರ ಮಗ್ಗಿ ಮತ್ತು 149ರ ಗಡಿ

ಈ ಭಾನುವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಗಂಟೆ ಓಡಿದೆ. ಒಮ್ಮೆಯೂ ವಾಚ್ ಬೀಪ್ ಮಾಡಲಿಲ್ಲ. ಒಮ್ಮೆಯೂ ನಡೆಯಬೇಕಾಗಲಿಲ್ಲ. ಇದನ್ನು ಬರೆಯೋಕೆ ಐದು ತಿಂಗಳಿಂದ ಕಾಯ್ತಿದ್ದೆ.

ಶೂ, ವಾರಕ್ಕೆ ಎಷ್ಟು ದಿನ, ವಾರ್ಮ್ ಅಪ್ ಇವೆಲ್ಲ ನಿಮಗೆ ಗೊತ್ತಿರೋದೇ. ಅದನ್ನೆಲ್ಲ ಬಿಡ್ತೀನಿ. ನನ್ನನ್ನು ಹನ್ನೆರಡು ವಾರ ಸತಾಯಿಸಿದ್ದು ಒಂದೇ ವಿಷಯ: ಝೋನ್ 2ರಲ್ಲಿ, ಅಂದರೆ ಹೃದಯ ಬಡಿತದ ಐದು ಮಟ್ಟಗಳಲ್ಲಿ ಎರಡನೆಯದರಲ್ಲೇ ಓಡೋದು. ಎಲ್ಲರೂ ಹೇಳೋದು ಅದನ್ನೇ. ಹೊಸಬರು ನಿಧಾನಕ್ಕೆ ಓಡಬೇಕು, ಝೋನ್ 2 ದಾಟಬಾರದು, ಬೇಸ್, ಅಂದರೆ ತುಂಬ ಹೊತ್ತು ಓಡೋಕೆ ಬೇಕಾದ ದಮ್ಮು, ಕಟ್ಟೋದು ಅಲ್ಲೇ. ಸರಿ. ಆದರೆ ನನ್ನ ವಾಚ್ ಪ್ರಕಾರ ನನ್ನ ಝೋನ್ 2 ಅಂದರೆ ನಿಮಿಷಕ್ಕೆ 107ರಿಂದ 125 ಬಡಿತ. ಮನೆಯಿಂದ ಕೆರೆ ಗೇಟಿಗೆ ಸ್ವಲ್ಪ ಚುರುಕಾಗಿ ನಡೆದರೇ 118 ಇರುತ್ತೆ. ಹೆಜ್ಜೆ ಕಿತ್ತು ಓಡೋಕೆ ಶುರು ಮಾಡಿದ ಎರಡು ನಿಮಿಷಕ್ಕೆ 168, ಪರದೆ ಪೂರ್ತಿ ಕೆಂಪು, ಝೋನ್ 5. ಇನ್ನೂ ನಿಧಾನ ಮಾಡಿದೆ, ಅದೇ 168. ಪಕ್ಕದಲ್ಲಿ ವಾಕಿಂಗ್ ಮಾಡ್ತಿದ್ದ ಹಿರಿಯರು ನನ್ನನ್ನು ದಾಟಿ ಹೋದರು, ಆಗಲೂ 168.

ನನಗೆ 41. ಎದೆಯಲ್ಲಿ ಏನೋ ಸರಿ ಇಲ್ಲ ಅಂತ ಹೆದರಿ ಡಾಕ್ಟರ ಹತ್ತಿರ ಹೋದೆ. ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಎರಡೂ ಆಯ್ತು, ಎರಡೂ ಸರಿ ಇತ್ತು. ನಲವತ್ತು ದಾಟಿ ಓಟ ಶುರು ಮಾಡೋರು ಇದನ್ನು ಮೊದಲೇ ಮಾಡಿಸಿಕೊಳ್ಳಬೇಕು, ನಾನು ತಡ ಮಾಡಿದೆ.

ಹಾಗಾದರೆ ಆ 168 ಎಲ್ಲಿಂದ ಬಂತು?

ಒಂದು ದಿನ ಲೇಸ್ ಬಿಚ್ಚಿತು ಅಂತ ನಿಂತೆ. ಕಟ್ಟೋ ಮೊದಲು ಕತ್ತಿನ ಪಕ್ಕದಲ್ಲಿ ಎರಡು ಬೆರಳಿಟ್ಟು ಹದಿನೈದು ಸೆಕೆಂಡ್ ನಾಡಿ ಎಣಿಸಿದೆ. 35. ನಾಲ್ಕರಿಂದ ಗುಣಿಸಿದರೆ 140. ನಿಂತ ತಕ್ಷಣ ಬಡಿತ ಇಳಿಯೋಕೆ ಶುರುವಾಗುತ್ತೆ ನಿಜ, ಆದರೆ ಅಷ್ಟು ಹೊತ್ತಲ್ಲಿ 28 ಇಳಿಯುತ್ತಾ? ಅನುಮಾನ ಬಂತು. ಮನೆಗೆ ಬಂದು ಆ ದಿನದ ಓಟದ ಗ್ರಾಫ್ ತೆಗೆದೆ. ಹಾರ್ಟ್‌ರೇಟ್ ಗೆರೆಯ ಕೆಳಗೆ ಕೇಡೆನ್ಸ್ ಗೆರೆ, ಅಂದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನೋದು. ಅದೂ 168! ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ ಅನ್ನಿಸುತ್ತೆ. ವಾಚ್ ನನ್ನ ಹೃದಯ ಎಣಿಸ್ತಿರಲಿಲ್ಲ, ಹೆಜ್ಜೆ ಎಣಿಸ್ತಿತ್ತು.

ಇದಕ್ಕೆ ಕೇಡೆನ್ಸ್ ಲಾಕ್ ಅಂತಾರೆ. ವಾಚ್ ಹಿಂಭಾಗದ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಡುತ್ತೆ. ಬಡಿತಕ್ಕೊಮ್ಮೆ ರಕ್ತ ಉಕ್ಕಿ ಇಳಿದಾಗ ವಾಪಸ್ ಬರೋ ಬೆಳಕು ಹೆಚ್ಚು ಕಡಿಮೆ ಆಗುತ್ತೆ, ಸೆನ್ಸರ್ ಅದನ್ನು ಎಣಿಸುತ್ತೆ. ಆದರೆ ಓಡುವಾಗ ಪ್ರತಿ ಹೆಜ್ಜೆಗೂ ಕೈ ಕುಲುಕುತ್ತೆ, ವಾಚ್ ಅಲುಗುತ್ತೆ, ಅದೂ ಒಂದು ಲಯವೇ. ಬೆಳಗಿನ ಚಳಿಗೆ ಚರ್ಮದ ರಕ್ತನಾಳಗಳು ಕಿರಿದಾಗಿ ನಿಜವಾದ ಬಡಿತದ ಸಂಕೇತ ಸಣ್ಣದಾಗಿರುತ್ತೆ. ದೊಡ್ಡ ಸಂಕೇತವನ್ನೇ ಸೆನ್ಸರ್ ಹಿಡ್ಕೊಳ್ಳುತ್ತೆ.

ನಿಮ್ಮ ವಾಚೂ ಹೀಗೆ ಮಾಡ್ತಿದೆಯಾ ಅಂತ ತಿಳಿಯೋದು ಸುಲಭ. ಏರು ಬಂದರೂ ಇಳಿಜಾರು ಬಂದರೂ ಅಂಕಿ ಅಲುಗದೆ 160, 170ರ ಹತ್ತಿರ ಕೂತಿದ್ದರೆ ಅದು ಹೃದಯ ಅಲ್ಲ. ನಿಜವಾದ ಬಡಿತ ದಾರಿಯ ಜೊತೆ ಏರಿಳಿಯುತ್ತೆ. ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ ನೋಡಿದೆ. ಎರಡು ದಿನಕ್ಕೊಮ್ಮೆ ಸರಿ ಹೋಗ್ತಿತ್ತು, ಅಷ್ಟೇ.

ಕೊನೆಗೆ ಚೆಸ್ಟ್ ಸ್ಟ್ರಾಪ್ ತರಿಸಿದೆ. ಇಲ್ಲಿ ಮಾರಿದವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮೊದಲನೆಯದಕ್ಕೆ ಬಂದ ಪಟ್ಟಿ ನಾನು ಹೇಳಿದ್ದಕ್ಕಿಂತ ದೊಡ್ಡ ಸೈಜು, ಓಡಿದರೆ ಹೊಟ್ಟೆಗೆ ಜಾರ್ತಿತ್ತು. ಬದಲಿಸಿ ಕೊಡೋಕೆ ಹದಿನಾರು ದಿನ. ಎರಡನೆಯದರ ಸೆಲ್ ಎರಡೇ ದಿನಕ್ಕೆ ಸತ್ತು ಹೋಯ್ತು. ಎಷ್ಟು ಕಾಲದಿಂದ ಗೋದಾಮಲ್ಲಿ ಬಿದ್ದಿತ್ತೋ. ಕೇಳಿದರೆ ‘ಪಟ್ಟಿ ಒದ್ದೆ ಮಾಡಿ ನೋಡಿ ಸರ್’ ಅಂತ ಮೂರು ಸಲ ಅದೇ ಉತ್ತರ. ಬೀದಿ ಕೊನೆಯ ವಾಚ್ ರಿಪೇರಿ ಅಂಗಡಿಯವರು CR2032 ಸೆಲ್ ಹಾಕಿ ಅರ್ಧ ನಿಮಿಷದಲ್ಲಿ ಸರಿ ಮಾಡಿದರು.

ಒದ್ದೆ ಮಾಡಬೇಕು ಅನ್ನೋದೇನೋ ನಿಜವೇ. ಸ್ಟ್ರಾಪ್ ಹಿಡಿಯೋದು ಹೃದಯದ ವಿದ್ಯುತ್ ಸಂಕೇತವನ್ನು. ಒಣ ಚರ್ಮದ ಮೇಲೆ ಅದು ಸರಿಯಾಗಿ ಹರಿಯೋಲ್ಲ, ಬೆವರು ಬರೋವರೆಗೂ ಅಂಕಿ ಹುಚ್ಚುಚ್ಚಾಗಿ ಕುಣಿಯುತ್ತೆ. ಈಗ ಪಟ್ಟಿಯ ಒಳಗಿನ ಎರಡು ಕಪ್ಪು ಭಾಗಕ್ಕೆ ನಲ್ಲಿ ನೀರು ಸವರಿಕೊಂಡೇ ಹೊರಡ್ತೀನಿ.

ಸ್ಟ್ರಾಪ್ ಕಟ್ಟಿ ಅದೇ ದಾರಿ, ಅದೇ ವೇಗ: 141ರಿಂದ 147. ಅರ್ಧ ಸಮಸ್ಯೆ ಮುಗಿಯಿತು. ಆದರೆ ವಾಚ್ ಈಗಲೂ ಅದನ್ನು ಝೋನ್ 3ರ ಕೊನೆ, ಝೋನ್ 4 ಅಂತಿತ್ತು. ನಾನು ಆರಾಮಾಗಿ ಮಾತಾಡ್ತಾ ಓಡ್ತಿದ್ದೀನಿ, ಅದು ಕಷ್ಟದ ಓಟ ಅಂತಿದೆ.

ಈ ಸಲ ತಪ್ಪು ಸೂತ್ರದ್ದು. ವಾಚ್ 220ರಲ್ಲಿ ವಯಸ್ಸು ಕಳೆದು 179 ನನ್ನ ಗರಿಷ್ಠ ಬಡಿತ ಅಂತ ಇಟ್ಟುಕೊಂಡಿತ್ತು. ಅದರ ನೂರಕ್ಕೆ 60ರಿಂದ 70 ಭಾಗ ಝೋನ್ 2. ಆದರೆ 220ರ ಸೂತ್ರ ತುಂಬ ಜನರ ಸರಾಸರಿ. ಒಬ್ಬೊಬ್ಬರ ನಿಜವಾದ ಗರಿಷ್ಠ ಅದಕ್ಕಿಂತ ಹತ್ತು ಹನ್ನೆರಡು ಮೇಲೋ ಕೆಳಗೋ ಇರೋದು ಮಾಮೂಲು. ಜೊತೆಗೆ ಝೋನ್ 2 ಅನ್ನೋ ಹೆಸರು ಒಂದೇ ಆದರೂ ಲೆಕ್ಕ ಹಾಕೋ ಪದ್ಧತಿ ಹಲವು, ಒಂದರ ಝೋನ್ 2 ಇನ್ನೊಂದರ ಝೋನ್ 3 ಆಗಿರುತ್ತೆ.

ನಾನು ಕೊನೆಗೆ ಹಿಡಿದದ್ದು ಅಮೆರಿಕದ ಕೋಚ್ ಜೋ ಫ್ರೀಲ್ ಅವರ ಪದ್ಧತಿ. ಗರಿಷ್ಠ ಬಡಿತದ ಊಹೆಯೇ ಬೇಡ. ಚೆನ್ನಾಗಿ ವಾರ್ಮ್ ಅಪ್ ಮಾಡಿ, ಒಬ್ಬರೇ, 30 ನಿಮಿಷ ಪೂರ್ತಿ ತಡೆದುಕೊಳ್ಳೋ ಅಷ್ಟು ಜೋರಾಗಿ ಓಡಬೇಕು. ಹತ್ತನೇ ನಿಮಿಷಕ್ಕೆ ಲ್ಯಾಪ್ ಬಟನ್ ಒತ್ತಬೇಕು. ಉಳಿದ 20 ನಿಮಿಷದ ಸರಾಸರಿ ಬಡಿತವೇ ಹೆಚ್ಚುಕಮ್ಮಿ ನಿಮ್ಮ ಥ್ರೆಶೋಲ್ಡ್, ಅಂದರೆ ದಾಟಿದರೆ ಬೇಗ ಸುಸ್ತಾಗಿಬಿಡೋ ಗಡಿ. ಅದರ ನೂರಕ್ಕೆ 85ರಿಂದ 89 ಭಾಗ ಝೋನ್ 2. ಓಟ ಶುರು ಮಾಡಿದ ವಾರವೇ ಇದನ್ನು ಮಾಡೋದು ಬೇಡ. ನಾನು ಡಾಕ್ಟರನ್ನು ಕೇಳಿಕೊಂಡು 13ನೇ ವಾರದಲ್ಲಿ ಮಾಡಿದೆ. ಸರಾಸರಿ 168 ಬಂತು. ಕೊನೆ ನಿಮಿಷದಲ್ಲಿ 187 ಮುಟ್ಟಿತು. 179 ನನ್ನ ಗರಿಷ್ಠ ಅನ್ನೋ ಮಾತು ಅಲ್ಲಿಗೇ ಬಿದ್ದು ಹೋಯ್ತು.

```
168 × 0.85 = 142.8
168 × 0.89 = 149.5
```

ನನ್ನ ಝೋನ್ 2 ಅಂದರೆ 143ರಿಂದ 149. ಹನ್ನೆರಡು ವಾರ 125ರ ಕೆಳಗೆ ಓಡೋಕೆ ಒದ್ದಾಡ್ತಿದ್ದೆ!

ಅಂಕಿ ಸಿಕ್ಕಿತು, ಅದು ಸರೀನಾ ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಹದಿಮೂರರ ಮಗ್ಗಿ. ಓಡ್ತಾ ಜೋರಾಗಿ ಹೇಳ್ತೀನಿ. 147ರಲ್ಲಿ ‘ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು’ ಎರಡೂ ಒಂದೇ ಉಸಿರಲ್ಲಿ ಬರುತ್ತೆ. 155 ದಾಟಿದರೆ ಎರಡನೇ ಸಾಲಿನ ನಡುವೆ ಉಸಿರು ತುಂಡಾಗುತ್ತೆ. ಅಂಕಿಯೂ ಉಸಿರೂ ಒಂದೇ ಮಾತು ಹೇಳಿದವು, ಆಮೇಲೆ ನೆಮ್ಮದಿ. ಒಂದು ದಿನ ‘ಹದಿಮೂರೇಳ್ಲೆ’ ಅನ್ನೋವಾಗ ಉಸಿರಿಗೆ ನಿಲ್ಲಿಸಿದೆ. ಪಕ್ಕದಲ್ಲಿ ನಡೀತಿದ್ದ, ದಿನಾ ನನ್ನನ್ನು ದಾಟಿ ಹೋಗೋ ಆ ಹಿರಿಯರು ‘ತೊಂಬತ್ತೊಂದು’ ಅಂದು ಮುಂದೆ ಹೋದರು. ಅಂದಿನಿಂದ ನಮ್ಮಿಬ್ಬರಿಗೆ ಮಾತು ಶುರುವಾಯ್ತು.

ಇನ್ನು ಗಡಿಯೊಳಗೆ ಇರೋದು. ವಾಚಿನಲ್ಲಿ 149ಕ್ಕೆ ಅಲಾರಂ ಇಟ್ಟೆ. ಬೀಪ್ ಆದರೆ ನಡೆ, 135ಕ್ಕೆ ಇಳಿದರೆ ಮತ್ತೆ ಓಡು. ಮೊದಲ ವಾರ 40 ನಿಮಿಷದಲ್ಲಿ ಹನ್ನೊಂದು ಸಲ ಬೀಪ್. ಆಮೇಲೆ ತಿಳಿಯಿತು, ಹೃದಯ ಹಿಂದಿನಿಂದ ಬರುತ್ತೆ. ನೀವು ಈಗ ವೇಗ ಹೆಚ್ಚಿಸಿದರೆ ಬಡಿತ ಅಲ್ಲಿಗೆ ಮುಟ್ಟೋಕೆ ಅರ್ಧದಿಂದ ಒಂದು ನಿಮಿಷ ಬೇಕು. ಬೀಪ್ ಕೇಳಿದ ಮೇಲೆ ನಿಧಾನ ಮಾಡಿದರೆ ತಡವಾಯ್ತು, ಅಂಕಿ 154ರವರೆಗೆ ಹೋಗಿಯೇ ತಿರುಗುತ್ತೆ. ಈಗ 145 ಕಂಡಾಗಲೇ ಹೆಜ್ಜೆ ಚಿಕ್ಕದು ಮಾಡ್ತೀನಿ. ಏರು ಶುರುವಾಗೋ ಇಪ್ಪತ್ತು ಮೀಟರ್ ಮೊದಲೇ ಬಿಡ್ತೀನಿ.

ಇದನ್ನು ಬರೆಯುವಾಗ ಚಾಮುಂಡಿ ಬೆಟ್ಟದ ರಸ್ತೆ ನೆನಪಾಗ್ತಿದೆ. ಮುಂದಿನ ಪ್ರಾಜೆಕ್ಟ್ ಅದೇ. ಬುಡದಿಂದ ನಂದಿಯವರೆಗೆ 149 ದಾಟದೆ ಹತ್ತಬೇಕು, ಬೇಕಾದಲ್ಲಿ ನಡೆದೇ. ಎಷ್ಟು ಭಾಗ ಓಡೋಕಾಗುತ್ತೆ ಅಂತ ತಿಂಗಳಿಗೊಮ್ಮೆ ಗುರುತು ಹಾಕಿಕೊಳ್ಳೋ ಯೋಚನೆ. ಮೆಟ್ಟಿಲು ಬೇಡ, ಅಲ್ಲಿ ನಡೆದರೂ ಗಡಿ ದಾಟುತ್ತೆ. ಈಗ ಕೆರೆಗೆ ವಾಪಸ್ ಬರ್ತೀನಿ.

ಬೇಸ್ ಕಟ್ತಿದೆಯಾ ಅಂತ ನೋಡೋಕೆ ನಾನು ನಂಬಿದ್ದು ಒಂದೇ ಅಳತೆ. ಒಂದು ಗಂಟೆ ಒಂದೇ ವೇಗದಲ್ಲಿ ಓಡಿ, ಮೊದಲ ಅರ್ಧದ ಸರಾಸರಿ ಬಡಿತ ಮತ್ತು ಎರಡನೇ ಅರ್ಧದ್ದನ್ನು ಹೋಲಿಸೋದು. ಓಡ್ತಾ ಓಡ್ತಾ ಮೈ ಬಿಸಿಯಾಗಿ ರಕ್ತ ಚರ್ಮದ ಕಡೆಗೆ ಹರಿಯುತ್ತೆ, ಬೆವರಿಗೆ ನೀರು ಹೋಗುತ್ತೆ. ಒಂದು ಬಡಿತಕ್ಕೆ ಹೊರಡೋ ರಕ್ತ ಕಡಿಮೆಯಾಗುತ್ತೆ, ಅದನ್ನು ತುಂಬೋಕೆ ಬಡಿತ ಏರುತ್ತೆ. ಬೇಸ್ ಇಲ್ಲದವರಿಗೆ ಈ ಏರಿಕೆ ಜಾಸ್ತಿ. 14ನೇ ವಾರದಲ್ಲಿ ಅಲಾರಂ ತೆಗೆದು ಕಿಲೋಮೀಟರಿಗೆ 9 ನಿಮಿಷ 10 ಸೆಕೆಂಡಿನಂತೆ ಓಡಿದಾಗ 144 ಇದ್ದದ್ದು 159ಕ್ಕೆ ಹೋಗಿತ್ತು, ನೂರಕ್ಕೆ ಹತ್ತು. ಈ ಭಾನುವಾರ, ಅದೇ ಬೆಳಿಗ್ಗೆ ಆರಕ್ಕೆ, 8 ನಿಮಿಷ 20 ಸೆಕೆಂಡಿನ ವೇಗ. 141, ಆಮೇಲೆ 147. ನೂರಕ್ಕೆ ನಾಲ್ಕು. ಐದರ ಒಳಗೆ ಇದ್ದರೆ ಬೇಸ್ ಕೂರ್ತಿದೆ ಅಂತ ಲೆಕ್ಕ.

ಈ ಹೋಲಿಕೆಗೆ ಹೊತ್ತು ಒಂದೇ ಇರಬೇಕು. ಒಮ್ಮೆ ಬೆಳಿಗ್ಗೆ ಆಗಲಿಲ್ಲ ಅಂತ ಮಧ್ಯಾಹ್ನ ನಾಲ್ಕಕ್ಕೆ ಹೋದೆ, ಅದೇ ವೇಗಕ್ಕೆ ಹತ್ತು ಬಡಿತ ಜಾಸ್ತಿ. ನಿದ್ದೆ ಕೆಟ್ಟ ಮರುದಿನವೂ ನನಗೆ ಹಾಗೇ. ಅಂಥ ದಿನ ವೇಗ ಬಿಟ್ಟುಬಿಡ್ತೀನಿ, 149 ಬಿಡೋಲ್ಲ.

28ನೇ ವಾರಕ್ಕೆ ಮತ್ತೆ 30 ನಿಮಿಷದ ಟೆಸ್ಟ್. ಥ್ರೆಶೋಲ್ಡ್ ಬದಲಾಗಿದ್ದರೆ 149 ಕೂಡ ಬದಲಾಗುತ್ತೆ. ಅಷ್ಟರೊಳಗೆ ಹದಿನೇಳರ ಮಗ್ಗಿ ಕಲಿಯಬೇಕು. ಹದಿಮೂರು ಕೇಳಿ ಕೇಳಿ ಬೇಜಾರಾಗಿದೆಯಂತೆ, ಮುಂದಿನ ಭಾನುವಾರದಿಂದ ಅದನ್ನೇ ಹೇಳಬೇಕು ಅಂತ ಹಿರಿಯರು ಹೇಳಿದ್ದಾರೆ.