ಬ್ರೇಕಿಯಲ್ ಪ್ಲೆಕ್ಸಸ್ ಕೋಷ್ಟಕ: ರೇಡಿಯಲ್ ನರದ ಸಾಲನ್ನು ಒಡೆದದ್ದು

ಮೊದಲ ವಾರ

ಕಂಕುಳಿನ ಡಿಸೆಕ್ಷನ್ ಮುಗಿದಾಗ ನನ್ನ ಬಳಿ ಹನ್ನೊಂದು ಪುಟಗಳ ಟಿಪ್ಪಣಿ ಇತ್ತು. ಕೆಲವು ಪುಟಗಳಲ್ಲಿ ಫಾರ್ಮಲಿನ್ ಹತ್ತಿದ ಕೈಗವಸಿನ ಬೆರಳಚ್ಚು ಉಳಿದಿದೆ, ಒಂದೆರಡು ಕಡೆ ಕೊಬ್ಬಿನ ಜಿಡ್ಡಿನ ಮೇಲೆ ಶಾಯಿಯೇ ಹಿಡಿದಿಲ್ಲ. ಇದನ್ನೆಲ್ಲ ಒಂದು ಕೋಷ್ಟಕಕ್ಕೆ ಇಳಿಸಬೇಕೆಂದು ಬಾಗಲಕೋಟೆಯ ಹಾಸ್ಟೆಲ್ ಕೋಣೆಯಲ್ಲಿ ಕುಳಿತು ನಾಲ್ಕು ಕಾಲಂ ಎಳೆದೆ: ಮೂಲ, ನರ, ಸ್ನಾಯು, ನರ ಕೆಟ್ಟರೆ ಆಗದ ಕೆಲಸ. ಮಸ್ಕ್ಯುಲೋಕ್ಯುಟೇನಿಯಸ್, ಮೀಡಿಯನ್, ಅಲ್ನಾರ್, ಆಕ್ಸಿಲರಿ, ರೇಡಿಯಲ್ ಎಂದು ಐದು ಸಾಲು. ಒಂದೇ ಸಂಜೆಗೆ ಮುಗಿದುಹೋಯಿತು.

ಮುಗಿದ ಮೇಲೆ ಓದಿ ನೋಡಿದರೆ ರೇಡಿಯಲ್ ನರದ ಸಾಲು ಸಮಾಧಾನ ಕೊಡಲಿಲ್ಲ. ಮೂಲದ ಕಾಲಂನಲ್ಲಿ ‘ಸಿ5ರಿಂದ ಟಿ1’ ಎಂದಿತ್ತು. ಬೆನ್ನುಹುರಿಯಿಂದ ಹೊರಟು ತೋಳಿಗೆ ಹೋಗುವ ನರಗಳ ಈ ಹೆಣಿಗೆ, ಅಂದರೆ ಪ್ಲೆಕ್ಸಸ್, ಇರುವುದೇ ಸಿ5ರಿಂದ ಟಿ1ರವರೆಗಿನ ಮೂಲಗಳಿಂದ, ಹಾಗಾಗಿ ಆ ಕಾಲಂ ಏನನ್ನೂ ಹೇಳುತ್ತಿರಲಿಲ್ಲ. ಸ್ನಾಯುವಿನ ಕಾಲಂನಲ್ಲಿ ತೋಳಿನ ಹಿಂಬದಿಯಿಂದ ಬೆರಳುಗಳ ತನಕ ಹತ್ತಾರು ಹೆಸರುಗಳನ್ನು ಒಟ್ಟಿಗೆ ತುರುಕಿದ್ದೆ. ಕೊನೆಯ ಕಾಲಂನಲ್ಲಿ ‘ಮಣಿಕಟ್ಟು ಜೋತು ಬೀಳುತ್ತದೆ’ ಎಂಬ ಒಂದೇ ವಾಕ್ಯ.

ಇನ್ನೊಂದು ಸಂಗತಿಯೂ ಆಗಲೇ ಹೊಳೆಯಿತು. ಮೂಲಗಳೂ ಟ್ರಂಕ್‌ಗಳೂ ಕುತ್ತಿಗೆಯಲ್ಲಿವೆ. ಕಂಕುಳು ತೆರೆದಾಗ ನಾನು ಕಂಡದ್ದು ಆಕ್ಸಿಲರಿ ಅಪಧಮನಿಯನ್ನು ಸುತ್ತಿಕೊಂಡ ಮೂರು ಕಾರ್ಡ್‌ಗಳು ಮತ್ತು ಅವುಗಳ ಕವಲುಗಳು ಮಾತ್ರ. ಮೂಲದ ಕಾಲಂ ಇಡಿಯಾಗಿ ಪುಸ್ತಕದಿಂದ ಬಂದದ್ದು. ಕಣ್ಣಾರೆ ಕಂಡದ್ದನ್ನು ನೀಲಿ ಶಾಯಿಯಲ್ಲಿ, ಓದಿದ್ದನ್ನು ಪೆನ್ಸಿಲ್‌ನಲ್ಲಿ ಬರೆಯುವುದೆಂದು ನಿರ್ಧರಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಎರಡನೆಯ ವಾರ

ದೇಹವನ್ನು ಬೋರಲು ಮಲಗಿಸಿ ತೋಳಿನ ಹಿಂಬದಿ ಬಿಡಿಸಿದೆವು. ಅಪಧಮನಿಯ ಹಿಂದಿರುವ ಪೋಸ್ಟೀರಿಯರ್ ಕಾರ್ಡ್‌ನಿಂದ ಹೊರಟ ರೇಡಿಯಲ್ ನರಕ್ಕೆ ಕಂಕುಳಿನಲ್ಲಿ ಹಳದಿ ದಾರ ಕಟ್ಟಿಟ್ಟಿದ್ದೆವು. ಅದು ಪ್ರೊಫಂಡಾ ಅಪಧಮನಿಯ ಜೊತೆಗೆ ಟ್ರೈಸೆಪ್ಸ್‌ನ ಉದ್ದ ತಲೆ ಮತ್ತು ತೋಳಿನ ಮೂಳೆಯ ನಡುವೆ ನುಸುಳಿ ಮರೆಯಾಗುತ್ತದೆ. ಟ್ರೈಸೆಪ್ಸ್‌ನ ಹೊರತಲೆಯ ಕೆಳಗೆ ಫೋರ್ಸೆಪ್ಸ್ ತೂರಿಸಿ, ಅದರ ಮೇಲೆಯೇ ಸ್ನಾಯುವನ್ನು ಓರೆಯಾಗಿ ಕತ್ತರಿಸಿದಾಗ ಮೂಳೆಯ ತೋಡಿನಲ್ಲಿ ಅಂಟಿಕೊಂಡಂತೆ ಮಲಗಿದ್ದ ನರ ಕಂಡಿತು. ಅದರ ಮತ್ತು ಮೂಳೆಯ ನಡುವೆ ಮೆತ್ತೆಯಂಥದ್ದು ಹೆಚ್ಚೇನೂ ಇಲ್ಲ.

ನನಗೆ ಮುಖ್ಯವಾಗಿ ಬೇಕಿದ್ದದ್ದು ಕವಲುಗಳು ಹೊರಡುವ ಜಾಗ. ಉದ್ದ ತಲೆಗೆ ಹೋಗುವ ಕವಲು ಕಂಕುಳಿನಲ್ಲಿಯೇ ಬಿಟ್ಟುಹೋಗಿತ್ತು. ಒಳತಲೆಗೆ ಹೋಗುವ ಸಪೂರ ಕವಲೊಂದು ಅಲ್ಲಿಂದಲೇ ಹೊರಟು ಅಲ್ನಾರ್ ನರದ ಪಕ್ಕದಲ್ಲಿ ಇಳಿದಿತ್ತು. ಅಂದರೆ ನರ ತೋಡಿಗೆ ಬರುವ ಮೊದಲೇ ಟ್ರೈಸೆಪ್ಸ್‌ಗೆ ಸೇರಬೇಕಾದುದರ ಬಹುಪಾಲು ಸೇರಿಬಿಟ್ಟಿರುತ್ತದೆ. ಆ ರಾತ್ರಿ ಕೋಷ್ಟಕಕ್ಕೆ ‘ಕವಲು ಹೊರಡುವ ಜಾಗ’ ಎಂಬ ಐದನೆಯ ಕಾಲಂ ಬಂತು. ನರಕ್ಕೊಂದು ಸಾಲು ಎಂಬ ಲೆಕ್ಕ ಬಿಟ್ಟು ಸ್ನಾಯುವಿಗೊಂದು ಸಾಲು ಮಾಡಿದೆ. ಮೂಲದ ಕಾಲಂನಲ್ಲಿಯೂ ನರದ ಮೂಲ ಹೋಗಿ ಆಯಾ ಸ್ನಾಯುವಿನ ಮುಖ್ಯ ಮೂಲ ಬಂತು. ಅದರ ಒಂದು ತುಣುಕು ಹೀಗಿದೆ:

| ಸ್ನಾಯು | ನರ | ಕವಲು ಹೊರಡುವ ಜಾಗ | ಮುಖ್ಯ ಮೂಲ | ಆಗದ ಕೆಲಸ |
|---|---|---|---|---|
| ಟ್ರೈಸೆಪ್ಸ್ | ರೇಡಿಯಲ್ | ಬಹುಪಾಲು ತೋಡಿಗಿಂತ ಮೇಲೆ | ಸಿ7 | ಮೊಣಕೈ ನೀಡುವುದು |
| ಬ್ರೇಕಿಯೋರೇಡಿಯಾಲಿಸ್ | ರೇಡಿಯಲ್ | ತೋಡು ದಾಟಿ, ಮೊಣಕೈಗಿಂತ ಮೇಲೆ | ಸಿ6 | ಹೆಬ್ಬೆರಳು ಮೇಲಾಗಿಟ್ಟು ಮೊಣಕೈ ಮಡಚುವಾಗಿನ ಬಲ |
| ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಲಾಂಗಸ್ | ರೇಡಿಯಲ್ | ಮೊಣಕೈಗಿಂತ ಮೇಲೆ | ಸಿ6, ಸಿ7 | ಮಣಿಕಟ್ಟನ್ನು ಹೆಬ್ಬೆರಳ ಕಡೆಗೆ ಎತ್ತುವುದು |
| ಎಕ್ಸ್‌ಟೆನ್ಸರ್ ಡಿಜಿಟೋರಮ್ | ರೇಡಿಯಲ್‌ನ ಆಳದ ಕವಲು | ಸೂಪಿನೇಟರ್ ದಾಟಿದ ಮೇಲೆ | ಸಿ7, ಸಿ8 | ಬೆರಳ ಬುಡದ ಗೆಣ್ಣಿನಲ್ಲಿ ಬೆರಳು ಎತ್ತುವುದು |
| ಫ್ಲೆಕ್ಸರ್ ಕಾರ್ಪೈ ರೇಡಿಯಾಲಿಸ್ | ಮೀಡಿಯನ್ | ಮುಂದೋಳಿನ ಮೇಲ್ಭಾಗ | ಸಿ6, ಸಿ7 | ಮಣಿಕಟ್ಟು ಮಡಚುವುದು |

ಕೊನೆಯ ಸಾಲು ಮೀಡಿಯನ್ ನರದ್ದು. ಅದನ್ನು ಇಲ್ಲಿ ಬೇಕೆಂದೇ ಇಟ್ಟಿದ್ದೇನೆ, ಕಾರಣ ಮುಂದೆ ಬರುತ್ತದೆ.

ಮೂರನೆಯ ವಾರ

ರಜೆಗೆ ಮುಧೋಳಕ್ಕೆ ಹೋದಾಗ ಸೋದರಮಾವನ ಬಲಗೈ ಸ್ಪ್ಲಿಂಟ್‌ನಲ್ಲಿತ್ತು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಅವರು ಕಾರ್ಖಾನೆಯ ಅಂಗಳದಲ್ಲಿ ಸರದಿ ಕಾಯುತ್ತ, ಮಡ್‌ಗಾರ್ಡ್‌ನ ಕಬ್ಬಿಣದ ಅಂಚಿಗೆ ತೋಳು ಆನಿಸಿಕೊಂಡು ರಾತ್ರಿಯಿಡೀ ಮಲಗಿದ್ದರಂತೆ. ಬೆಳಗ್ಗೆ ಎದ್ದಾಗ ಕೈ ಮೇಲೆ ಬರಲಿಲ್ಲ. ನರ ಒತ್ತಿಹೋಗಿದೆ ಎಂದು ವೈದ್ಯರು ಆಗಲೇ ಹೇಳಿದ್ದರು. “ಮುಷ್ಟಿಯಲ್ಲಿಯೂ ಬಲವಿಲ್ಲ ನೋಡು ತಮ್ಮಾ, ಇಡೀ ಕೈಯೇ ಹೋದಂತಿದೆ” ಎಂದರು ಮಾವ.

ಅವರ ಅನುಮತಿ ಕೇಳಿ, ಕೋಷ್ಟಕದ ಸಾಲುಗಳನ್ನು ಒಂದೊಂದಾಗಿ ಅವರ ಕೈಗೆ ಹೋಲಿಸಿದೆ. ಮೊಣಕೈ ನೀಡಿ ನನ್ನ ಅಂಗೈಯನ್ನು ತಳ್ಳಿದಾಗ ಎರಡೂ ತೋಳಿನ ಬಲ ಒಂದೇ ಆಗಿತ್ತು. ಟ್ರೈಸೆಪ್ಸ್ ಸರಿಯಾಗಿದೆ. ಆಮೇಲೆ ಲೋಟ ಹಿಡಿದವರಂತೆ ಹೆಬ್ಬೆರಳು ಮೇಲಾಗಿಟ್ಟು ಮೊಣಕೈ ಮಡಚಲು ಹೇಳಿ ನಾನು ತಡೆದೆ. ಎಡಗೈಯಲ್ಲಿ ಬ್ರೇಕಿಯೋರೇಡಿಯಾಲಿಸ್ ಹಗ್ಗದಂತೆ ಎದ್ದು ನಿಂತಿತು. ಬಲಗೈಯೂ ಮಡಚಿತು, ಅದು ಬೈಸೆಪ್ಸ್ ಮತ್ತು ಬ್ರೇಕಿಯಾಲಿಸ್‌ನ ಕೆಲಸ. ಆದರೆ ಹಗ್ಗ ಏಳಬೇಕಾದ ಜಾಗ ಮೆತ್ತಗೇ ಇತ್ತು. ಮಣಿಕಟ್ಟು ಎತ್ತಲು ಆಗಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಹಿಂಬದಿಯ ಚರ್ಮದಲ್ಲಿ ಹತ್ತಿ ಸೋಕಿದರೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ಕೆಲಸ ಮಾಡುವ ಕೊನೆಯ ಸಾಲು ಟ್ರೈಸೆಪ್ಸ್, ಮಾಡದ ಮೊದಲ ಸಾಲು ಬ್ರೇಕಿಯೋರೇಡಿಯಾಲಿಸ್. ಪೆಟ್ಟು ಇವೆರಡರ ನಡುವೆ, ಅಂದರೆ ತೋಡಿನ ಮಟ್ಟದಲ್ಲಿ ಬಿದ್ದಿದೆ. ಕುತ್ತಿಗೆಯಲ್ಲಿ ಸಿ7 ಮೂಲ ಒತ್ತಿಹೋಗಿದ್ದರೆ ಚಿತ್ರ ತಿರುವುಮುರುವಾಗುತ್ತಿತ್ತು: ಟ್ರೈಸೆಪ್ಸ್ ಸೋಲುತ್ತಿತ್ತು, ಸಿ6ರ ಬ್ರೇಕಿಯೋರೇಡಿಯಾಲಿಸ್ ಉಳಿಯುತ್ತಿತ್ತು, ಮರಗಟ್ಟುವಿಕೆ ನಡುಬೆರಳಿಗೆ ಬರುತ್ತಿತ್ತು. ಮೀಡಿಯನ್ ನರದ ಫ್ಲೆಕ್ಸರ್ ಕಾರ್ಪೈ ರೇಡಿಯಾಲಿಸ್ ಕೂಡ ದುರ್ಬಲವಾಗುತ್ತಿತ್ತು. ಆ ಸಾಲನ್ನು ಇಟ್ಟದ್ದು ಇದಕ್ಕಾಗಿಯೇ. ಒಂದೇ ಮೂಲದ, ಆದರೆ ಬೇರೆ ನರದ ಸ್ನಾಯುವೊಂದು ಪಕ್ಕದಲ್ಲಿದ್ದರೆ ಮಾತ್ರ ಪೆಟ್ಟು ಮೂಲದ್ದೋ ನರದ್ದೋ ಎಂದು ಕೋಷ್ಟಕ ಹೇಳಬಲ್ಲದು. ಪೆಟ್ಟು ಇನ್ನೂ ಕೆಳಗೆ, ಆಳದ ಕವಲಿನಲ್ಲಿದ್ದಿದ್ದರೆ ಮಣಿಕಟ್ಟು ಹೆಬ್ಬೆರಳ ಕಡೆಗೆ ವಾಲುತ್ತ ಎದ್ದೇಳುತ್ತಿತ್ತು, ಚರ್ಮದ ಸ್ಪರ್ಶಕ್ಕೆ ಧಕ್ಕೆಯಾಗುತ್ತಿರಲಿಲ್ಲ.

ಮುಷ್ಟಿಯ ವಿಷಯದಲ್ಲಿ ನಾನು ಎಡವುವುದರಲ್ಲಿದ್ದೆ. ಹಿಡಿತ ಸಡಿಲವಾಗಿದ್ದುದನ್ನು ಕಂಡು ಮೀಡಿಯನ್ ಮತ್ತು ಅಲ್ನಾರ್ ನರಗಳಿಗೂ ಪೆಟ್ಟಾಗಿದೆಯೇನೋ ಎಂದುಕೊಂಡೆ. ಆದರೆ ಮಣಿಕಟ್ಟು ಜೋತುಬಿದ್ದಾಗ ಬೆರಳು ಮಡಚುವ ಸ್ನಾಯುಗಳು ಮೊದಲೇ ಸಡಿಲಾಗಿ, ಬಿಗಿಯಾಗಿ ಎಳೆಯಲಾರವು. ಅವರ ಮಣಿಕಟ್ಟನ್ನು ನನ್ನ ಎಡಗೈಯಿಂದ ಎತ್ತಿ ಹಿಡಿದ ಕೂಡಲೇ ಅದೇ ಮುಷ್ಟಿ ನನ್ನ ಬೆರಳುಗಳನ್ನು ನೋಯುವಷ್ಟು ಅದುಮಿತು. ಹಾಗೆ ಹಿಡಿದಾಗ ಬೆರಳ ತುದಿಯ ಕೀಲುಗಳು ನೇರವಾಗುವುದೂ ಕಂಡಿತು. ಅದು ಅಂಗೈಯ ಪುಟ್ಟ ಸ್ನಾಯುಗಳ ಕೆಲಸ, ಅವುಗಳಿಗೆ ನರ ಬರುವುದು ಮೀಡಿಯನ್ ಮತ್ತು ಅಲ್ನಾರ್‌ನಿಂದ. ಎಕ್ಸ್‌ಟೆನ್ಸರ್ ಡಿಜಿಟೋರಮ್ ಸಾಲಿನಲ್ಲಿ ಮೊದಲು ‘ಬೆರಳು ನೇರ ಮಾಡುವುದು’ ಎಂದಷ್ಟೇ ಬರೆದಿದ್ದೆ. ‘ಬೆರಳ ಬುಡದ ಗೆಣ್ಣಿನಲ್ಲಿ’ ಎಂದು ತಿದ್ದಿದ್ದು ಅಂದೇ.

ಈಗಿನ ಸ್ಥಿತಿ

ಮೊನ್ನೆ ವಿಡಿಯೋ ಕರೆಯಲ್ಲಿ ಮಾವ ಲೋಟ ಹಿಡಿದು ಮೊಣಕೈ ಮಡಚಿ ತೋರಿಸಿದರು. ಹಗ್ಗ ತೆಳ್ಳಗೆ ಏಳುತ್ತಿದೆ. ಮಣಿಕಟ್ಟು ಇನ್ನೂ ಪೂರ್ತಿ ಬಂದಿಲ್ಲ.

ಕೋಷ್ಟಕದಲ್ಲಿ ಸರಿಪಡಿಸಬೇಕಾದದ್ದು ಇನ್ನೂ ಇದೆ. ಒಂದೊಂದು ಸ್ನಾಯುವಿಗೂ ಎರಡು ಮೂರು ಮೂಲಗಳಿಂದ ಎಳೆಗಳು ಬರುವುದರಿಂದ ಒಂದು ಮೂಲ ಕೆಟ್ಟರೆ ಸ್ನಾಯು ಸಾಮಾನ್ಯವಾಗಿ ದುರ್ಬಲವಾಗುತ್ತದೆ, ಪೂರ್ತಿ ನಿಲ್ಲುವುದು ಅಪರೂಪ. ‘ಆಗದ ಕೆಲಸ’ ಎಂಬ ತಲೆಬರಹ ನರದ ಪೆಟ್ಟಿಗೆ ಹೊಂದುತ್ತದೆ, ಮೂಲದ ಪೆಟ್ಟಿಗೆ ಹೊಂದುವುದಿಲ್ಲ. ಅದನ್ನು ಎರಡು ಕಾಲಂ ಮಾಡುತ್ತಿದ್ದೇನೆ. ಮುಂದಿನ ವಾರ ಟಿ1. ಅಲ್ನಾರ್ ನರದ ಸಾಲುಗಳ ಪಕ್ಕದಲ್ಲಿ ಮೀಡಿಯನ್ ನರದ ಅಬ್ಡಕ್ಟರ್ ಪಾಲಿಸಿಸ್ ಬ್ರೆವಿಸ್ ಅನ್ನು ಇಟ್ಟು ಇದೇ ರೀತಿ ನೋಡಬೇಕಿದೆ.