ಚೀಟಿಯಲ್ಲಿ ‘ಸುಕಿ’ ಬರೆಯಬೇಕೋ, ‘ಐಶಿತೆರು’ ಬರೆಯಬೇಕೋ?

ಜಪಾನಿ ಕಲಿಯುವ ಕನ್ನಡಿಗರಿಗೆ ‘ಸುಕಿ’, ಅಂದರೆ ಇಷ್ಟ, ಎಂಬ ಪದದ ವಿಷಯದಲ್ಲಿ ಒಂದು ಅನುಕೂಲವಿದೆ. ‘ನನಗೆ ದೋಸೆ ಇಷ್ಟ’, ‘ನನಗೆ ನೀನು ಇಷ್ಟ’ ಎನ್ನುವಾಗ ಇಷ್ಟ ಎಂಬುದು ಕ್ರಿಯಾಪದವಲ್ಲ. ದೋಸೆಗಾಗಲಿ ನಿನಗಾಗಲಿ ‘ಅನ್ನು’ ಪ್ರತ್ಯಯ ಹತ್ತುವುದಿಲ್ಲ. ‘ಸುಕಿ’ ನಡೆಯುವುದೂ ಹೀಗೆಯೇ. ಮೆಚ್ಚಿದ್ದಕ್ಕೆ ‘ಗ’ ಪ್ರತ್ಯಯ ಹಚ್ಚುತ್ತಾರೆ, ನಮ್ಮ ‘ಅನ್ನು’ವಿನಂಥ ‘ಒ’ ಅಲ್ಲ. ಸುಶಿಗೂ ಅದೇ ಪದ, ಮನುಷ್ಯರಿಗೂ ಅದೇ ಪದ. ಬರೆಯುವುದು ‘ಸುಕಿ ದೆಸು’, ಕಿವಿಗೆ ಬೀಳುವುದು ಹೆಚ್ಚುಕಮ್ಮಿ ‘ಸ್ಕಿ ದೆಸ್’.

ತೂಕ ಮಾತ್ರ ಬೇರೆ. ಕನ್ನಡದಲ್ಲಿ ‘ನೀನಂದ್ರೆ ಇಷ್ಟ’ ಎಂದು ಹೇಳಿ, ಬೇಕಾದರೆ ಸ್ನೇಹದ ಮಾತು ಎಂದು ಜಾರಿಕೊಳ್ಳಬಹುದು. ಜಪಾನಿನಲ್ಲಿ ಒಬ್ಬರಿಗೆ ಚೀಟಿ ಬರೆದು ‘ಸುಕಿ ದೆಸು’ ಎಂದರೆ ಪ್ರೇಮ ನಿವೇದನೆಯೇ ಆಯಿತು. ಅದಕ್ಕೆ ‘ಕೊಕುಹಾಕು’ ಎಂಬ ಹೆಸರೇ ಇದೆ. ಬಹುಪಾಲು ಜೋಡಿಗಳ ಸಂಬಂಧ ಶುರುವಾಗುವುದು ಆ ಮಾತಿನಿಂದ. ಆದ್ದರಿಂದ ‘ಸುಕಿ’ ಸಪ್ಪೆಯಾಯಿತು, ಇನ್ನೂ ಗಟ್ಟಿಯಾದದ್ದು ಬೇಕು ಎಂದು ‘ಪ್ರೀತಿಸುತ್ತಿದ್ದೇನೆ’ ಎಂಬರ್ಥದ ‘ಐಶಿತೆರು’ ಹುಡುಕಿ ಹೋಗುವುದೇ ಮೊದಲ ತಪ್ಪು.

ಒಂದು ಚೀಟಿಯನ್ನೇ ನೋಡೋಣ. ಕೆಲವು ತಿಂಗಳಿಂದ ಪರಿಚಯವಿರುವ ಮಿಸಾಕಿ ಎಂಬವರಿಗೆ ಒಬ್ಬರು ನಿಘಂಟು ಹಿಡಿದು ‘ವತಾಶಿ ವ ಅನಾತ ಒ ಐಶಿಮಾಸು’ ಎಂದು ಬರೆದರು ಎನ್ನಿ. ‘ವತಾಶಿ’, ಅಂದರೆ ನಾನು, ಇಲ್ಲಿ ಬೇಡ. ಬರೆದದ್ದು ಯಾರೆಂದು ಓದುವವರಿಗೆ ಗೊತ್ತೇ ಇದೆ. ‘ಅನಾತ’ ಪಠ್ಯಪುಸ್ತಕದಲ್ಲಿ ‘ನೀವು’ ಆದರೂ, ಹೆಸರು ಗೊತ್ತಿರುವವರಿಗೆ ಹಾಗೆ ಬರೆದರೆ ದೂರ ಇಟ್ಟಂತೆ ಕೇಳುತ್ತದೆ. ಜೊತೆಗೆ ಹೆಂಡತಿ ಗಂಡನನ್ನು ಕರೆಯಲು ಬಳಸುವ ಮಾತೂ ಅದೇ. ಹೆಸರಿಗೆ ‘ಸಾನ್’ ಸೇರಿಸಿದರೆ ಸಾಕು. ಇನ್ನು ‘ಐಶಿಮಾಸು’ ನಮ್ಮ ‘ಪ್ರೀತಿಸುತ್ತೇನೆ’ಯ ನೇರ ಅನುವಾದ. ಜಪಾನಿಯಲ್ಲಿ ಅದು ‘ಇನ್ನು ಮುಂದೆ ಪ್ರೀತಿಸುವೆ’ ಎಂಬ ಪ್ರತಿಜ್ಞೆಯಂತಾಗುತ್ತದೆ. ಈಗಾಗಲೇ ಇರುವ ಪ್ರೀತಿಗೆ ‘ಐಶಿತೆ ಇಮಾಸು’ ಬೇಕು, ಅಂದರೆ ಪ್ರೀತಿಸುತ್ತಿದ್ದೇನೆ. ಸಲಿಗೆಯ ಮಾತಿನಲ್ಲಿ ಅದೇ ‘ಐಶಿತೆರು’. ಇಷ್ಟು ತಿದ್ದಿದರೂ ತೂಕ ಹೊಂದುವುದಿಲ್ಲ. ಇನ್ನೂ ಒಟ್ಟಿಗೆ ಓಡಾಡದವರಿಗೆ ಅದು ಮದುವೆಯ ಮಾತಿನಷ್ಟು ಭಾರ.

ಹೊಂದುವ ಚೀಟಿ ಇಷ್ಟೇ: ‘ಮಿಸಾಕಿ-ಸಾನ್ ಎ. ಇತ್ಸುಮೊ ಅರಿಗಾತೊ. ಮಿಸಾಕಿ-ಸಾನ್ ನೊ ಕೊತೊ ಗ ಸುಕಿ ದೆಸು. ಯೊಕತ್ತರ, ತ್ಸುಕಿಅತ್ತೆ ಕುದಸಾಯ್.’ ಅಂದರೆ ಮಿಸಾಕಿಯವರಿಗೆ, ಯಾವಾಗಲೂ ಥ್ಯಾಂಕ್ಸ್, ನೀವು ನನಗೆ ಇಷ್ಟ, ಒಪ್ಪಿಗೆಯಿದ್ದರೆ ನನ್ನ ಜೊತೆ ಸಂಬಂಧದಲ್ಲಿರಿ. ನಡುವಿನ ‘ನೊ ಕೊತೊ’ ಬಿಡಬೇಡಿ. ಅದಿಲ್ಲದಿದ್ದರೂ ವ್ಯಾಕರಣ ತಪ್ಪಲ್ಲ, ಆದರೆ ಅದಿದ್ದರೆ ಇಡೀ ವ್ಯಕ್ತಿಯನ್ನು, ಅವರ ಎಲ್ಲವನ್ನೂ ಮೆಚ್ಚಿದ ದನಿ ಬರುತ್ತದೆ. ಕೊನೆಯ ವಾಕ್ಯವೂ ಮುಖ್ಯ. ಬರೀ ‘ಸುಕಿ ದೆಸು’ ಎಂದು ನಿಲ್ಲಿಸಿದರೆ ಓದಿದವರು ‘ಸರಿ, ಈಗ ನಾನೇನು ಮಾಡಲಿ?’ ಎಂದು ಕೂರಬೇಕಾಗುತ್ತದೆ.

‘ಸುಕಿ’ ಎಂದರೆ ಪ್ರೇಮ ನಿವೇದನೆಯಾಗಿಬಿಡುವ ಕಾರಣಕ್ಕೇ ಆಫೀಸಿನ ಬೀಳ್ಕೊಡುಗೆ ಕಾರ್ಡಿನಲ್ಲಿ ಹಿರಿಯರ ಹೆಸರಿನ ಮುಂದೆ ‘ಸುಕಿ’ ಬರೆಯುವುದು ಅಪಾಯ. ಅಲ್ಲಿ ‘ಸೊಂಕೇ ಶಿತೆ ಇಮಾಸು’, ಅಂದರೆ ಗೌರವಿಸುತ್ತೇನೆ, ಎಂದರೆ ಚೆಂದ. ‘ಸುಕಿ’ ಬೇಕೇ ಬೇಕೆಂದರೆ ವ್ಯಕ್ತಿಯನ್ನು ಬಿಟ್ಟು ಅವರ ಅಕ್ಷರವನ್ನೋ ಅವರು ಕೆಲಸ ವಿವರಿಸುವ ರೀತಿಯನ್ನೋ ಇಷ್ಟ ಎನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ.

ಮನೆಯವರಿಗೆ ‘ದಾಯ್‌ಸುಕಿ’ ಇದೆ, ‘ತುಂಬಾ ಇಷ್ಟ’. ಕೇಳಲು ಮಕ್ಕಳ ಮಾತಿನಂತಿದ್ದರೂ ದೊಡ್ಡವರ ಪತ್ರದಲ್ಲೂ ಇದಕ್ಕೆ ಜಾಗವಿದೆ. ಜಪಾನಿನಲ್ಲಿ ಮದುವೆಯ ಔತಣದಲ್ಲಿ ವಧು ತಂದೆತಾಯಿಗೆ ಪತ್ರ ಓದುವ ರೂಢಿಯಿದೆ, ಅದರಲ್ಲಿ ‘ಅಪ್ಪ, ಅಮ್ಮ, ದಾಯ್‌ಸುಕಿ ದೆಸು’ ಎನ್ನುವುದು ಸಹಜ. ಅಲ್ಲಿ ‘ಐಶಿತೆ ಇಮಾಸು’ ಎಂದರೆ ವಿದೇಶಿ ಸಿನಿಮಾದ ಡಬ್ಬಿಂಗ್ ಕೇಳಿದಂತಾಗುತ್ತದೆ.

ಹಾಗಾದರೆ ‘ಐಶಿತೆರು’ ಯಾವಾಗ? ವರ್ಷಗಟ್ಟಲೆ ಬಾಳಿದ ಜೋಡಿಗೆ, ಮದುವೆಗೆ ಕೇಳುವ ಪತ್ರಕ್ಕೆ, ದೀರ್ಘ ಅಗಲಿಕೆಗೆ, ಕಾಯಿಲೆಯ ಹಾಸಿಗೆಯ ಪಕ್ಕಕ್ಕೆ. ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದ ಗಂಡಂದಿರು ಅಲ್ಲಿ ಧಾರಾಳವಾಗಿದ್ದಾರೆ (ನಮ್ಮಲ್ಲೇನು ಕಡಿಮೆಯೇ!). ಅಂಥವರಿಗೆ ಒಂದು ನೆಪ ಜನವರಿ 31. ಅದು ‘ಐಸಾಯ್ ನೊ ಹಿ’, ಹೆಂಡತಿಯನ್ನು ಪ್ರೀತಿಸುವ ದಿನ. ಜನವರಿಯ ಒಂದರ ಅಂಕಿಯನ್ನು ‘ಐ’ ಎಂದು, 31ನ್ನು ‘ಸಾಯ್’ ಎಂದು ಓದುವ ಅಂಕಿಯಾಟದಿಂದ ಹುಟ್ಟಿದ ದಿನ. ಆ ದಿನದ ಕಾರ್ಡಿನಲ್ಲಿ ಮೊದಲು ಥ್ಯಾಂಕ್ಸ್ ಹೇಳುವ ಒಂದು ನಿರ್ದಿಷ್ಟ ಕಾರಣ ಬರೆಯಿರಿ: ಬೆಳಿಗ್ಗೆ ಬೇಗ ಎದ್ದು ಕಟ್ಟಿಕೊಟ್ಟ ಬೆಂತೊ ಬುತ್ತಿ, ಅಮ್ಮನ ಆಸ್ಪತ್ರೆಯ ಓಡಾಟ, ಯಾವುದಾದರೂ. ಆಮೇಲೆ ‘ಕೊರೆ ಕಾರ ಮೊ ಯೊರೊಶಿಕು’, ಮುಂದೆಯೂ ಹೀಗೇ ಜೊತೆಗಿರು. ಕೊನೆಗೆ ಬೇರೆಯೇ ಸಾಲಿನಲ್ಲಿ ‘ಐಶಿತೆರು’, ಒಂದೇ ಸಲ.