ನೆನಪಿಟ್ಟುಕೊಳ್ಳುತ್ತೇನೆ ಅಂದಿತ್ತು

ಅಮ್ಮನಿಗೆ ಕಡ್ಲೆಕಾಯಿ ಬೀಜ ಆಗಲ್ಲ, ತಿಂದರೆ ಮೈಯೆಲ್ಲ ದದ್ದು. ಭಾನುವಾರ ಮಂಡ್ಯದ ಮನೆಯಲ್ಲಿ ಕೂತು ಫೋನಿನ ಚಾಟ್‌ಬಾಟ್‌ಗೆ ಇದನ್ನು ಹೇಳಿದ್ದೆ. 'ಸರಿ, ನೆನಪಿಟ್ಟುಕೊಳ್ಳುತ್ತೇನೆ' ಅಂತ ಉತ್ತರ ಬಂತು. ಆವತ್ತು ಕೇಳಿದ ಮೂರು ಅಡುಗೆಯಲ್ಲೂ ಕಡ್ಲೆಕಾಯಿ ಇರಲಿಲ್ಲ. ಬುಧವಾರ ಹೊಸ ಚಾಟ್ ತೆರೆದು ಬದನೆಕಾಯಿ ಎಣ್ಣೆಗಾಯಿ ಮಾಡೋದು ಕೇಳಿದೆ. ಮೊದಲ ಸಾಲಿನಲ್ಲೇ ಹುರಿದ ಕಡ್ಲೆಕಾಯಿ ಬೀಜ! ಅಮ್ಮ ಅದನ್ನೇ ನೋಡಿಕೊಂಡು ಮಾಡಿದ್ದರೆ?

ಸೆಟ್ಟಿಂಗ್ಸ್ ನೋಡಿದೆ. ಒಂದು ಚಾಟ್‌ನಲ್ಲಿ ಹೇಳಿದ್ದನ್ನು ಮುಂದಿನ ಚಾಟ್‌ಗೂ ಉಳಿಸಿಡುವ ಮೆಮೊರಿ ಆಫ್ ಆಗಿತ್ತು. ಭಾನುವಾರ ಸರಿಯಾಗಿ ಉತ್ತರ ಬಂದಿದ್ದಕ್ಕೆ ಕಾರಣ ಬೇರೆ. ನಾವು ಒಂದೊಂದು ಪ್ರಶ್ನೆ ಕಳಿಸುವಾಗಲೂ ಆ ಚಾಟ್‌ನ ಹಿಂದಿನ ಮಾತುಗಳೂ ಜೊತೆಗೆ ಹೋಗುತ್ತವೆ. ಚಾಟ್‌ಬಾಟ್ ಪ್ರತಿ ಸಲ ಅದನ್ನೆಲ್ಲ ಓದಿಕೊಂಡು ಉತ್ತರ ಕೊಡುತ್ತದೆ. ಹೊಸ ಚಾಟ್‌ನಲ್ಲಿ ಆ ಮಾತುಗಳೇ ಇರಲ್ಲ. 'ನೆನಪಿಟ್ಟುಕೊಳ್ಳುತ್ತೇನೆ' ಅನ್ನೋದು ಜನ ಮಾತಾಡುವ ರೀತಿ ನೋಡಿ ಕಲಿತ ವಾಕ್ಯ. ಹೊಸ ಚಾಟ್‌ಗೆ ಸಿಗುವ ಹಾಗೆ ಎಲ್ಲೂ ಏನೂ ಬರೆದಿಟ್ಟಿರಲಿಲ್ಲ.

ಮನುಷ್ಯರು ಹಾಗಂದರೆ ನಂಬುತ್ತೇವೆ ಅಲ್ವಾ, ಅದಕ್ಕೇ ಜಾಸ್ತಿ ಬೇಜಾರಾಯಿತು. ಈಗ ಅಮ್ಮನ ವಿಷಯ ಎರಡು ಸಾಲು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟಿದ್ದೇನೆ. ಹೊಸ ಚಾಟ್ ತೆರೆದಾಗಲೆಲ್ಲ ಮೊದಲು ಅದನ್ನೇ ಪೇಸ್ಟ್ ಮಾಡುತ್ತೇನೆ.